“ನಮ್ಮ ವಾರ್ಡಿಗೆ ಎಷ್ಟು ಬರುತ್ತೆ ಸಾರ್?”

ಹೊಸದಾಗಿ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಎಂದರೆ ಮೊದಲ ಭಾಷಣದಲ್ಲಿ ಗಾಂಧೀಜಿ ಬರುತ್ತಾರೆ, ಸಂವಿಧಾನದ 73ನೇ ತಿದ್ದುಪಡಿ ಬರುತ್ತದೆ, ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ನೆನಪೂ ಬರುತ್ತದೆ. ಬರಲಿ, ಬೇಡ ಎನ್ನುವುದಿಲ್ಲ. ಆದರೆ ಊಟದ ಹೊತ್ತಿಗೆ ಹಿಂದಿನ ಸಾಲಿನಿಂದ ಏಳುವ ಪ್ರಶ್ನೆ ಒಂದೇ: “ನಮ್ಮ ವಾರ್ಡಿಗೆ ಎಷ್ಟು ಬರುತ್ತೆ ಸಾರ್?” ನನ್ನ ಪ್ರಕಾರ ಭಾಷಣ ಶುರುವಾಗಬೇಕಾದದ್ದೇ ಈ ಪ್ರಶ್ನೆಯಿಂದ.

ಉತ್ತರ ಕೇಳಿದವರಿಗೆ ರುಚಿಸುವುದಿಲ್ಲ. ವಾರ್ಡಿಗೆ, ಅಂದರೆ ಸದಸ್ಯರ ಪಾಲಿಗೆ, ಬಿಡಿಗಾಸೂ ಬರುವುದಿಲ್ಲ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಅಧಿಕಾರ ಕೊಟ್ಟಿರುವುದು ಪಂಚಾಯಿತಿಗೆ, ಸದಸ್ಯರಿಗೆ ಬಿಡಿಬಿಡಿಯಾಗಿ ಅಲ್ಲ. ಸಭೆಯಲ್ಲಿ ಕೂತಾಗ ನಿಮ್ಮ ಮಾತಿಗೆ ಕಾನೂನಿನ ಬೆಲೆ ಇದೆ. ಸಭೆ ಮುಗಿಸಿ ಬಾಗಿಲು ದಾಟಿದ ಮೇಲೆ ನೀರುಗಂಟಿಗೆ “ಆ ಬೀದಿಗೆ ನೀರು ಬಿಡಬೇಡ” ಎನ್ನುವ ಅಧಿಕಾರ ನಿಮಗಿಲ್ಲ, ಇನ್ನೊಬ್ಬರ ಆಸ್ತಿಯ ಖಾತೆ ತಡೆಯುವ ಅಧಿಕಾರವೂ ಇಲ್ಲ. ಹಣ ಪಾವತಿಗೆ ಒಪ್ಪಿಗೆ ಒತ್ತುವವರು ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಇಬ್ಬರೂ ಸೇರಿ. ಸದಸ್ಯರ ಸಹಿ ಅಲ್ಲಿಗೆ ಬರುವುದೇ ಇಲ್ಲ.

ಹಾಗಿದ್ದರೂ ಎಷ್ಟೋ ಕಡೆ ಕ್ರಿಯಾ ಯೋಜನೆ ಎಂದರೆ ಸದಸ್ಯರ ತಲೆಗೆ ಇಷ್ಟು ಎಂದು ಹಂಚುವುದೇ ಆಗಿದೆ. ಅದರಿಂದ ಏನಾಗುತ್ತದೆ, ಒಂದು ಲೆಕ್ಕ ಹಾಕಿ. 18 ಸದಸ್ಯರ ಪಂಚಾಯಿತಿ, ಹಣಕಾಸು ಆಯೋಗದ ಅನುದಾನ 18 ಲಕ್ಷ ಎಂದುಕೊಳ್ಳೋಣ. 2021-26ರ ಅವಧಿಗೆ 15ನೇ ಹಣಕಾಸು ಆಯೋಗ ಇಟ್ಟ ನಿಯಮದ ಪ್ರಕಾರ ಇದರಲ್ಲಿ ಶೇ. 60 ಕಟ್ಟುಪಾಡಿನ ಹಣ: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಅಂದರೆ 10.8 ಲಕ್ಷ ಆ ಕಡೆ ಹೋಯಿತು. ಉಳಿದ 7.2 ಲಕ್ಷವನ್ನು 18 ಜನ ಹಂಚಿಕೊಂಡರೆ ತಲೆಗೆ 40 ಸಾವಿರ. ಅಷ್ಟರಲ್ಲಿ ಹತ್ತು ಹದಿನೈದು ಮೀಟರ್ ದಾಟದ ಕಾಂಕ್ರೀಟ್ ರಸ್ತೆ ಆಗುತ್ತದೆ. ಹಳ್ಳಿಗಳಲ್ಲಿ ಯಾರದೋ ಮನೆ ಮುಂದೆ ಹುಟ್ಟಿ ಪಕ್ಕದ ಮನೆ ದಾಟುವಷ್ಟರಲ್ಲಿ ಸಾಯುವ ರಸ್ತೆಗಳನ್ನು ನೋಡಿದ್ದೀರಲ್ಲ, ಅವು ಎಂಜಿನಿಯರ್ ತಪ್ಪಲ್ಲ. ಈ ಭಾಗಾಕಾರದ ಫಲ. ಅದೇ 7.2 ಲಕ್ಷವನ್ನು ಒಂದು ವರ್ಷ ಎರಡು ಕಡೆಗೆ, ಮರುವರ್ಷ ಬೇರೆ ಎರಡು ಕಡೆಗೆ ಕೊಟ್ಟರೆ ಕೆಲಸ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುತ್ತದೆ. ಆದರೆ “ಈ ವರ್ಷ ನನಗೇನೂ ಇಲ್ಲವೇ?” ಎಂದು ಮುನಿಸಿಕೊಳ್ಳುವವರನ್ನು ಒಪ್ಪಿಸಬೇಕು. ರಾಜಕೀಯ ಇರುವುದು ಅಲ್ಲಿ.

ಒಪ್ಪಿಸಲು ಕಾಯ್ದೆಯೇ ಒಂದು ದಾರಿ ಇಟ್ಟಿದೆ: ವಾರ್ಡ್ ಸಭೆ, ಅದರ ಮೇಲೆ ಗ್ರಾಮ ಸಭೆ. ಯಾವ ಕೆಲಸ ಮೊದಲು ಎಂಬ ಬೇಡಿಕೆ ಅಲ್ಲಿಂದ ಬರಬೇಕು. ಮನೆ ಹಂಚಿಕೆಯ ಫಲಾನುಭವಿ ಪಟ್ಟಿಯದೂ ಅದೇ ಕಥೆ. ಆಯ್ಕೆ ಗ್ರಾಮ ಸಭೆಯದು, ಸದಸ್ಯರ ಜೇಬಿನ ಚೀಟಿಯದಲ್ಲ.

ಇನ್ನು ಸಭೆ. ನಿಮ್ಮ ಅಧಿಕಾರವೆಲ್ಲ ನಡಾವಳಿ ಪುಸ್ತಕದಲ್ಲಿದೆ ಎಂದಮೇಲೆ ಆ ಪುಸ್ತಕ ಹೇಗೆ ಕೆಡುತ್ತದೆ ಎಂದು ತಿಳಿದಿರಬೇಕು. ಸಾಮಾನ್ಯ ಸಭೆಗೆ ಏಳು ಪೂರ್ಣ ದಿನಗಳ ಸೂಚನೆ ಕೊಡಬೇಕು. ಪೂರ್ಣ ದಿನ ಎಂದರೆ ನೋಟಿಸ್ ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು. 15ಕ್ಕೆ ಸಭೆ ಇದ್ದರೆ 7ರೊಳಗೆ ನಿಮ್ಮ ಕೈಗೆ ಬಂದಿರಬೇಕು, ಚರ್ಚೆಯ ವಿಷಯಗಳೂ ಅದರಲ್ಲಿರಬೇಕು. ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ “ನಾಳೆ 11ಕ್ಕೆ ಮೀಟಿಂಗ್” ಎಂದು ಬಂದರೆ ಅದು ಸೂಚನೆಯಲ್ಲ, ಕರೆಯೋಲೆ.

ಸೂಚನಾ ಪತ್ರದ ಕೊನೆಯ ಸಾಲನ್ನು ಮೊದಲು ಓದಿ. “ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು” ಎಂದಿರುತ್ತದೆ. ದೊಡ್ಡ ಮೊತ್ತದ ಖರೀದಿ, ಜಾಗದ ವಿಚಾರ, ಹಳೆಯ ಬಿಲ್ಲು ಇವೆಲ್ಲ ನುಸುಳುವುದು ಈ ಸಂದಿಯಲ್ಲೇ. ಇನ್ನೊಂದು ಸಂದಿ ಸಹಿಯದು. ಟೀ ಬರುವ ಮೊದಲೇ ಹಾಜರಾತಿಗೆಂದು ಪುಸ್ತಕ ಬರುತ್ತದೆ, ಎಲ್ಲರೂ ಸಹಿ ಹಾಕುತ್ತಾರೆ, ನಿರ್ಣಯ ಆಮೇಲೆ ಆರಾಮವಾಗಿ ಬರೆಯಲಾಗುತ್ತದೆ. ಹಾಜರಾತಿಗೆ ಹಾಕಿದ ಸಹಿ ಹಾಜರಿಗೆ ಮಾತ್ರ. ನಿರ್ಣಯವನ್ನು ಸಭೆಯಲ್ಲೇ ಬರೆಸಿ, ಓದಿಸಿ, ಕೊನೆಯ ಸಾಲಿನ ಕೆಳಗೆ ಖಾಲಿ ಜಾಗ ಉಳಿಯದಂತೆ ಗೆರೆ ಎಳೆಸಿ. ಒಪ್ಪದಿದ್ದರೆ ಎದ್ದು ಹೊರಗೆ ಹೋಗಬೇಡಿ. ಹೋದವರ ವಿರೋಧ ಪುಸ್ತಕದಲ್ಲಿ ಉಳಿಯುವುದಿಲ್ಲ, “ಸರ್ವಾನುಮತದಿಂದ” ಎಂಬ ಪದ ಉಳಿಯುತ್ತದೆ. ಕೂತು, ಹೆಸರು ಹೇಳಿ ವಿರೋಧ ಬರೆಸಿ.

ಪುಸ್ತಕದಿಂದ ಬೀದಿಗೆ ಬರೋಣ. 100 ಮೀಟರ್ ಚರಂಡಿ ಮಂಜೂರಾಗಿದೆ, ತಳ 75 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪ. ತಳಕ್ಕೆ ಬೇಕಾದ ಕಾಂಕ್ರೀಟ್ 7.5 ಘನ ಮೀಟರ್. ಹಾಕಿದ್ದು 7 ಸೆಂಟಿಮೀಟರ್ ದಪ್ಪವಾದರೆ 5.25 ಘನ ಮೀಟರ್ ಮಾತ್ರ. 2.25 ಘನ ಮೀಟರ್ ಮಾಯ. ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಹಿಡಿದರೂ 18 ಚೀಲ. ಪಕ್ಕದ ಗೋಡೆ ಎದ್ದ ಮೇಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲಸದ ಅಳತೆ ಬರೆಯುವ ಎಂ.ಬಿ. ಪುಸ್ತಕದಲ್ಲಿ 10 ಎಂದು ಹತ್ತಿದರೆ ಬಿಲ್ಲು 10ಕ್ಕೇ ಆಗುತ್ತದೆ.

ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಪಿಡಿಒಗೆ ಲಿಖಿತವಾಗಿ ಕೇಳಿ ಅಂದಾಜು ಪಟ್ಟಿಯ ಪ್ರತಿ ಪಡೆದಿಟ್ಟುಕೊಳ್ಳಿ. ಕಾಂಕ್ರೀಟ್ ಹಸಿಯಾಗಿರುವಾಗಲೇ ನಾಲ್ಕೈದು ಕಡೆ ತೆಳ್ಳನೆಯ ಕಂಬಿ ಚುಚ್ಚಿ, ಒದ್ದೆ ಗುರುತಿಗೆ ಟೇಪು ಹಿಡಿದರೆ ಸಾಕು. ತಳ ಗಟ್ಟಿಯಾದ ಮೇಲೆ ಮೇಲಿನ ತುದಿಯಲ್ಲಿ ಒಂದು ಕೊಡ ನೀರು ಸುರಿಯಿರಿ. ಹರಿದು ಹೋಗದೆ ನಡುವೆ ಎಲ್ಲೋ ನಿಂತರೆ ಇಳಿಜಾರು ಸರಿಯಿಲ್ಲ, ಅಲ್ಲೇ ಮುಂದೆ ಸೊಳ್ಳೆ ಹುಟ್ಟುತ್ತದೆ.

ತಪ್ಪು ಸಿಕ್ಕಿತು ಎನ್ನಿ. ಮೇಸ್ತ್ರಿಯನ್ನು ಬೈಯುವುದು, ಕೆಲಸ ನಿಲ್ಲಿಸುವುದು ನಿಮ್ಮ ಕೆಲಸವಲ್ಲ. ಆ ಜಗಳದಲ್ಲಿ ಸೋಲುವವರು ನೀವೇ, ಏಕೆಂದರೆ ನಾಳೆ “ಸದಸ್ಯರು ಕಮಿಷನ್ ಕೇಳಿದರು” ಎಂಬ ಮಾತು ಹುಟ್ಟುತ್ತದೆ. ಅಳತೆ, ಜಾಗ, ದಿನಾಂಕ ಬರೆದು ಅದೇ ದಿನ ಪಿಡಿಒಗೆ ಪತ್ರ ಕೊಡಿ, ಸ್ವೀಕೃತಿ ಪಡೆಯಿರಿ, ಕಿರಿಯ ಎಂಜಿನಿಯರ್ ಸ್ಥಳಕ್ಕೆ ಬಂದು ಅಳೆಯಲಿ ಎಂದು ಕೇಳಿ. ಬಿಲ್ಲು ಸಭೆಗೆ ಬಂದಾಗ ಆ ಪತ್ರ ಓದಿಸಿ.

ಈ ಮಾತು ಆಡಲು ಒಂದು ಷರತ್ತಿದೆ: ಆ ಚರಂಡಿಯ ಗುತ್ತಿಗೆ ನಿಮ್ಮದಾಗಿರಬಾರದು. ಪಂಚಾಯಿತಿ ಕೆಲಸದಲ್ಲಿ ನೇರವಾಗಿಯೋ ಇನ್ನೊಬ್ಬರ ಮೂಲಕವೋ ಪಾಲು ಇಟ್ಟುಕೊಂಡವರು ಕಾಯ್ದೆಯ 12ನೇ ಪ್ರಕರಣದಡಿ ಅನರ್ಹರಾಗುತ್ತಾರೆ. ಬಿಲ್ಲು ಬಾಮೈದನ ಹೆಸರಿನಲ್ಲಿದ್ದು, ಸಿಮೆಂಟ್ ಚೀಲ ನಿಮ್ಮ ಮನೆಯ ಜಗುಲಿಯಲ್ಲಿದ್ದರೆ “ಇನ್ನೊಬ್ಬರ ಮೂಲಕ” ಎಂದರೆ ಏನೆಂದು ಊರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.