ರೊಬೆರ್ಟೊನ ಮೇಲಂಗಿ ನೆನಪಿರಲಿ
“ಟೈ ತುಸು ಓರೆಯಾಗಿರಲಿ, ವಾಚನ್ನು ಅಂಗಿಯ ತೋಳಿನ ಮೇಲೇ ಕಟ್ಟಿ. ಸ್ಪ್ರೆಜ್ಜತೂರಾ ಅಂದರೆ ಇಷ್ಟೇ.”

ಉಡುಪಿನ ಬಗೆಗಿನ ಲೇಖನವೊಂದು ಸ್ಪ್ರೆಜ್ಜತೂರಾವನ್ನು, ಅಂದರೆ ಶ್ರಮ ಮುಚ್ಚಿಟ್ಟು ಎಲ್ಲವೂ ನಿರಾಯಾಸವೆಂಬಂತೆ ತೋರಿಸುವ ಕಲೆಯನ್ನು, ಹೀಗೆ ವಿವರಿಸುತ್ತದೆ. ಇಲ್ಲಿ ನನ್ನ ತಕರಾರಿದೆ. ಆ ಪದವನ್ನು ಬಳಕೆಗೆ ತಂದ ಇಟಲಿಯ ಲೇಖಕ ಕಾಸ್ತಿಲ್ಯೋನೆಯ ‘ಇಲ್ ಕೊರ್ತೆಜಾನೊ’ (1528) ಪುಸ್ತಕದಲ್ಲಿ ಇಂಥದ್ದೇ ಒಂದು ಪ್ರಸಂಗ ಬರುತ್ತದೆ. ಉರ್ಬಿನೊ ಆಸ್ಥಾನದ ಹರಟೆಯಲ್ಲಿ ಒಬ್ಬರು ರೊಬೆರ್ಟೊ ಎಂಬವನ ಕುಣಿತವನ್ನು ಎತ್ತುತ್ತಾರೆ. ಕುಣಿಯುವಾಗ ಹೆಗಲಿಂದ ಮೇಲಂಗಿ ಜಾರಿ ಬೀಳುತ್ತದೆ, ಕಾಲಿಂದ ಚಪ್ಪಲಿ ಕಳಚುತ್ತದೆ, ಅವನು ಎತ್ತಿಕೊಳ್ಳುವುದೇ ಇಲ್ಲ. ಇದಕ್ಕಿಂತ ನಿರಾಳತೆ ಬೇಕೇ ಎಂದು ಕೇಳಿದರೆ, ಅದೇ ಹರಟೆಯಲ್ಲಿರುವ ಕೌಂಟ್ ಲುದೊವಿಕೊ ಕೊಡುವ ಉತ್ತರ ಚುರುಕಾಗಿದೆ: ‘ನನಗೇನೂ ಲೆಕ್ಕವಿಲ್ಲ’ ಎಂದು ತೋರಿಸಲು ಅವನು ಪಡುತ್ತಿರುವ ಪಾಡು ಎಲ್ಲರಿಗೂ ಕಾಣುತ್ತಿದೆ, ಹಾಗಾಗಿ ಅದು ಬರೀ ತೋರಿಕೆ. ಚಪ್ಪಲಿ ತಾನಾಗಿ ಕಳಚಿದ್ದಲ್ಲ, ಕಳಚಲು ಬಿಟ್ಟದ್ದು.

ಶ್ರಮ ಮುಚ್ಚಿಡುವುದಕ್ಕೆ ಅಲ್ಲಿ ಕೊಡುವ ಕಾರಣವೂ ಅಂದಚೆಂದದ್ದಲ್ಲ. ಹಿಂದಿನ ವಾಗ್ಮಿಗಳು ತಮ್ಮ ಓದನ್ನು ಅಡಗಿಸಿ, ಮಾತು ಸಹಜವಾಗಿ ಹೊಮ್ಮಿದಂತೆ ನಟಿಸುತ್ತಿದ್ದರಂತೆ. ತಯಾರಿ ಕಂಡರೆ ಇವನು ನಮಗೆ ಟೋಪಿ ಹಾಕುತ್ತಾನೆಂದು ಜನ ಹೆದರುತ್ತಿದ್ದರು. ಅಂದರೆ ಇದರ ಬೇರಿನಲ್ಲಿ ಸ್ವಲ್ಪ ಕಪಟವೇ ಇದೆ; ಲೇಖನ ಅದನ್ನು ಮುಟ್ಟಲೇ ಇಲ್ಲ.

ಅಂದಹಾಗೆ, ಲೀಲಾಜಾಲವಾದ ಹರಟೆಯಂತೆ ಓದಿಸಿಕೊಳ್ಳುವ ಆ ಪುಸ್ತಕವನ್ನು ಕಾಸ್ತಿಲ್ಯೋನೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ತಿದ್ದುತ್ತಲೇ ಇದ್ದ. ಅಚ್ಚಾದ ಮರುವರ್ಷವೇ ತೀರಿಕೊಂಡ.