ಭೀಮ, ಬಾಂಬು ಮತ್ತು ಮಿಕ್ಸಿ ಡಬ್ಬ

ನಮ್ಮ ಮನೆ ಬೆಕ್ಕಿನ ಹೆಸರು ಭೀಮ. ತೂಕ ಆರು ಕೆ.ಜಿ. ಗೇಟಿನ ಒಳಗೆ ನಿಂತು ಬೀದಿ ನಾಯಿಗಳನ್ನು ಬೈದು ಕಳಿಸುವ ಗಂಡು. ಆದರೆ ಪಕ್ಕದ ರಸ್ತೆಯಲ್ಲಿ ಒಂದೇ ಒಂದು ಪಟಾಕಿ ಢಂ ಎಂದರೆ ಸಾಕು, ಆಮೇಲೆ ಮನೆಯಲ್ಲಿ ಭೀಮ ಇರುವುದಿಲ್ಲ.

ಹೋದ ವರ್ಷದ ದೀಪಾವಳಿಯಲ್ಲಿ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಬೀರುವಿನ ಕೆಳಗಿನ ಖಾನೆಯಲ್ಲಿ ಸಿಕ್ಕ. ನನ್ನ ಹೆಂಡತಿಯ ಮೈಸೂರು ಸಿಲ್ಕ್ ಸೀರೆಗಳ ಮೇಲೆ ಮುದುರಿ ಕೂತಿದ್ದ. ಪಾಪ ಅನ್ನಿಸಿತು. ಎತ್ತಿಕೊಂಡು ಸಮಾಧಾನ ಮಾಡೋಣ ಎಂದು ಎರಡೂ ಕೈ ಒಳಗೆ ಹಾಕಿ ಎಳೆದೆ. ಭೀಮ ಬಂದ, ಸೀರೆಯೂ ಬಂತು, ನನ್ನ ಮೊಣಕೈ ತನಕ ಚರ್ಮವೂ ಕಿತ್ತು ಬಂತು.

ಮರುದಿನ ಇಂಜೆಕ್ಷನ್‌ಗೆ ಹೋದಾಗ ಡಾಕ್ಟರು, "ಪಟಾಕಿ ಗಾಯವಾ?" ಎಂದು ಕೇಳಿದರು.

"ಅಲ್ಲ ಸಾರ್, ಪಟಾಕಿಗೆ ಹೆದರಿದ ಬೆಕ್ಕಿನ ಗಾಯ."

ಭೀಮನ ಡಾಕ್ಟರು ಬೇರೆ. ಅವರು ನನ್ನ ಕೈ ನೋಡಿಯೇ ತಪ್ಪು ಯಾರದು ಎಂದು ತೀರ್ಮಾನಿಸಿಬಿಟ್ಟರು. "ಬಚ್ಚಿಟ್ಟುಕೊಳ್ಳೋದೇ ಅದರ ಔಷಧಿ ಕಣ್ರೀ. ನೀವು ಔಷಧಿ ಕಿತ್ತುಕೊಂಡಿರಿ." ನಮ್ಮ ಕಿವಿ ಇಪ್ಪತ್ತು ಸಾವಿರ ಹರ್ಟ್ಜ್‌ಗೆ ಸುಸ್ತಾದರೆ ಬೆಕ್ಕುಗಳದು ಅರವತ್ತು ಸಾವಿರ ದಾಟುತ್ತದಂತೆ. ಬಚ್ಚಿಟ್ಟುಕೊಳ್ಳುವ ಜಾಗದಲ್ಲಿ ಕತ್ತಲೆ ಇರಬೇಕು, ಮೈಗೆ ತಾಕುವಷ್ಟು ಇಕ್ಕಟ್ಟಾಗಿರಬೇಕು, ಮತ್ತು ಅದನ್ನು ಬೆಕ್ಕೇ ಆರಿಸಿರಬೇಕು. ಮನುಷ್ಯರ ಮಾತ್ರೆ ಅರ್ಧ ಕೊಡಿ ಎಂದು ಯಾರೋ ಹೇಳಿದ್ದನ್ನು ಕೇಳಿದ್ದಕ್ಕೆ ಅವರು ಕುರ್ಚಿಯಿಂದಲೇ ಎದ್ದರು. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿನ ಪ್ರಾಣವನ್ನೇ ತೆಗೆಯಬಹುದು.

ಈ ವರ್ಷ ಹಬ್ಬಕ್ಕೆ ಎರಡು ವಾರ ಇರುವಾಗಲೇ ಶುರು ಮಾಡಿದೆ. ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ ಅಟ್ಟದಲ್ಲಿತ್ತು. ಅದನ್ನು ಅಡ್ಡಡ್ಡ ಮಲಗಿಸಿ, ಹಾಲ್‌ನಲ್ಲಿ ಕಿಟಕಿ ಪಕ್ಕ ನನಗೆ ಚೆನ್ನಾಗಿ ಕಾಣುವಂತೆ ಇಟ್ಟೆ. ಭೀಮ ತಿರುಗಿಯೂ ನೋಡಲಿಲ್ಲ. ಅವನು ಓಡುವುದು ಬೀರು ಇರುವ ನಡುಮನೆ ಕೋಣೆಗೆ. ರಸ್ತೆ ಕಡೆ ಕಿಟಕಿ ಇಲ್ಲದ ಕೋಣೆ ಅದೊಂದೇ. ನನಗೆ ಹೊಳೆಯದ್ದು ಅವನಿಗೆ ಮೊದಲೇ ಹೊಳೆದಿತ್ತು. ಸೀರೆಗಳು ಮೇಲಿನ ಖಾನೆಗೆ ಹೋದವು, ಬೀರುವಿಗೆ ಬೀಗ ಬಿತ್ತು. ಡಬ್ಬ ಅದರ ಪಕ್ಕದ ಮೂಲೆಗೆ ಬಂತು, ಮೇಲೊಂದು ದಪ್ಪ ಟವೆಲ್ ಹೊದ್ದುಕೊಂಡು.

ಒಳಗೆ ಹಾಸಲು ಅವನು ದಿನಾ ಮಲಗುವ ನನ್ನ ಹಳೇ ಲುಂಗಿ. ಹಬ್ಬ ಅಲ್ವಾ, ಶುಚಿಯಾಗಿರಲಿ ಎಂದು ಘಮಘಮ ಒಗೆದು ಹಾಸಿದೆ. ಭೀಮ ಮೂಸಿದ, ಸೀನಿದ, ಹೊರಟುಹೋದ. ಅಮ್ಮ, "ಅವನ ವಾಸನೆಯನ್ನೆಲ್ಲ ತೊಳೆದು ಈಗ ಮಲಗು ಅಂದ್ರೆ ಮಲಗ್ತಾನೇನೋ?" ಎಂದರು. ಆ ಲುಂಗಿಯನ್ನು ಮತ್ತೆ ನಾಲ್ಕು ದಿನ ಸೋಫಾ ಮೇಲೆ ಹಾಕಿ, ಕೂದಲು ಅಂಟಿಸಿಕೊಂಡು, ಸರಿಯಾಗಿ ಕೊಳೆ ಮಾಡಿ ವಾಪಸ್ ಇಟ್ಟೆ. ಸಂಜೆ ಸಂಜೆ ಡಬ್ಬದ ಒಳಗೆ ಎರಡು ಚೂರು ಬೇಯಿಸಿದ ಕೋಳಿ. ಐದನೇ ದಿನ ನೋಡಿದರೆ ಮಹಾರಾಯ ಒಳಗೆ ಗೊರಕೆ ಹೊಡೆಯುತ್ತಿದ್ದ.

ಹಬ್ಬದ ಹಿಂದಿನ ಸಂಜೆ ಐದಕ್ಕೇ ಕಿಟಕಿಗಳು ಬಂದ್. ಕತ್ತಲಾದ ಮೇಲೆ ತಿನ್ನಲ್ಲ ಎಂದು ಊಟ ಮೊದಲೇ ಆಯಿತು. ನೀರು ಒಂದು ಮೂಲೆಗೆ, ಮಣ್ಣಿನ ಟ್ರೇ ಇನ್ನೊಂದು ಮೂಲೆಗೆ. ಫ್ಯಾನ್ ಜೋರಾಗಿ, ರೇಡಿಯೋ ಸಣ್ಣಗೆ. ಮೊದಲ ಬಾಂಬಿಗೇ ಭೀಮ ಡಬ್ಬ ಸೇರಿದ. ನಾನು ದೂರದಲ್ಲಿ ನೆಲದ ಮೇಲೆ ಸುಮ್ನೆ ಕೂತೆ. ಟಾರ್ಚ್ ಇಲ್ಲ, ಪುಚ್ ಪುಚ್ ಇಲ್ಲ. ಕಣ್ಣಿನ ಪಾಪೆ ದೊಡ್ಡದಾಗಿತ್ತು, ಕಿವಿ ಸ್ವಲ್ಪ ಮಡಚಿತ್ತು. ಆದರೆ ಜೊಲ್ಲು ಸುರಿಸಲಿಲ್ಲ, ನಡುಗಲಿಲ್ಲ, ಬಾಯಿ ತೆರೆದು ಏದುಸಿರು ಬಿಡಲಿಲ್ಲ. ಗೆದ್ದೆ ಅಂದುಕೊಂಡು ಮಲಗಿದೆ.

ನಾನು ಲೆಕ್ಕ ಹಾಕಿದ್ದು ರಾತ್ರಿಗಳನ್ನು ಮಾತ್ರ. ನರಕ ಚತುರ್ದಶಿ ಬೆಳಗಾಗುವುದು ಎಷ್ಟು ಹೊತ್ತಿಗೆ ಎಂಬುದೇ ಮರೆತಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಬಚ್ಚಲ ಬಾಗಿಲಲ್ಲಿ ಮೈತುಂಬಾ ಎಣ್ಣೆ ಬಳಿದುಕೊಂಡು ನಿಂತಿದ್ದೆ. ಎದುರುಮನೆ ಹುಡುಗರು ಸರ ಹಚ್ಚಿದರು. ಹಾಲ್‌ನಲ್ಲಿದ್ದ ಭೀಮ ಬಾಣದಂತೆ ಕೋಣೆಗೆ ಓಡಿದ. ಬಾಗಿಲು ಹಾಕಿತ್ತು! ಹಾಕಿದ್ದು ಯಾರು ಅಂತ ಬೇರೆ ಹೇಳಬೇಕೆ? ಅಲ್ಲಿಂದ ತಿರುಗಿದವನು ನೇರ ನನ್ನ ಬೆನ್ನಿಗೆ ಹಾರಿದ. ಎಣ್ಣೆ ನೋಡಿ, ಹಿಡಿತ ಸಿಗಲಿಲ್ಲ. ಭುಜದಿಂದ ಸೊಂಟದ ತನಕ ಜಾರುಬಂಡೆ ಆಡಿಕೊಂಡು ಇಳಿದು ಹಂಡೆಯ ಹಿಂದೆ ಸೇರಿದ. ಈ ಸಲ ಕೈ ಹಾಕಲಿಲ್ಲ, ಅಷ್ಟು ಬುದ್ಧಿ ಬಂದಿದೆ. ಒಲೆ ಇನ್ನೂ ಹಚ್ಚಿರಲಿಲ್ಲ, ಪುಣ್ಯ. ಕೋಣೆಯ ಬಾಗಿಲು ತೆರೆದು, ಅದು ಮುಚ್ಚದಂತೆ ಒಂದು ಇಟ್ಟಿಗೆ ಇಟ್ಟು, ದೂರ ಸರಿದೆ. ಸರ ನಿಂತ ಮರುಕ್ಷಣ ಎಣ್ಣೆ ಹೆಜ್ಜೆ ಮೂಡಿಸುತ್ತಾ ಡಬ್ಬದೊಳಗೆ ಹೋದ.

ಒಂದು ಇಡೀ ದಿನ ಊಟ ಬಿಟ್ಟರೆ ಫೋನ್ ಮಾಡಿ, ಉಚ್ಚೆ ನಿಂತರೆ ಮಾತ್ರ ಕಾಯದೆ ಕರೆತನ್ನಿ ಎಂದಿದ್ದರು ಡಾಕ್ಟರು. ಹಾಗಾಗಿ ಆ ದಿನವೆಲ್ಲ ನಾನು ಹೋಳಿಗೆ ಬಿಟ್ಟು ಮಣ್ಣಿನ ಟ್ರೇ ನೋಡುತ್ತಾ ಕೂತೆ. ಮಧ್ಯಾಹ್ನ ಎರಡಕ್ಕೆ ಒಂದು ಉಂಡೆ ಒದ್ದೆ ಮಣ್ಣು ಕಂಡಾಗ ಎಷ್ಟು ಖುಷಿಯಾಗಿ ಕೂಗಿದೆ ಎಂದರೆ, ಭೀಮ ಹೆದರಿ ಮತ್ತೆ ಡಬ್ಬಕ್ಕೆ ಓಡಿದ.

ಬಲಿಪಾಡ್ಯಮಿ ಮುಗಿದ ಮೇಲೆ ಡಬ್ಬ ಅಟ್ಟಕ್ಕೆ ಹಾಕಲು ಹೋದೆ. "ತುಳಸಿ ಹಬ್ಬ ಇನ್ನೂ ಇದೆಯಲ್ಲೋ, ಅವತ್ತು ಹೊಡೆಯಲ್ವಾ ಪಟಾಕಿ?" ಎಂದರು ಅಮ್ಮ. ಡಬ್ಬ ಅಲ್ಲೇ ಇದೆ. ಇಟ್ಟಿಗೆಯೂ ಅಲ್ಲೇ ಇದೆ. ಲುಂಗಿ ಒಗೆದಿಲ್ಲ.