ಆಟ ಕೇಳಿದರೆ ಹಿಟ್ಟು ಬಂತು

ಬದಿಯಡ್ಕದಿಂದ ಸ್ವಲ್ಪ ಒಳಗಿರುವ ನಮ್ಮ ದೊಡ್ಡಪ್ಪನ ಮನೆಗೆ ಸ್ಮಾರ್ಟ್ ಟೀವಿ ಬಂದಿದೆ. ಚಾಲಿ ಅಡಿಕೆಗೆ ಒಳ್ಳೆಯ ಧಾರಣೆ ಬಂದ ಖುಷಿಗೆ ತಂದದ್ದು. ಪೆಟ್ಟಿಗೆಯ ಮೇಲೆ ನಗುವ ಅಜ್ಜಿಯೊಬ್ಬರ ಚಿತ್ರ ಇತ್ತು. ಆ ಅಜ್ಜಿ ರಿಮೋಟಿನ ಜೊತೆ ಮಾತಾಡುತ್ತಿದ್ದರು. ನೀವು ನಿಮ್ಮ ಭಾಷೆಯಲ್ಲಿ ಮಾತಾಡಿದರೆ ಸಾಕು, ಟೀವಿ ಕೇಳುತ್ತದೆ ಎಂಬರ್ಥದ ಇಂಗ್ಲಿಷ್ ಸಾಲು ಕೆಳಗೆ.

ನಮ್ಮ ಭಾಷೆ ಯಾವುದು ಎಂದು ಮಾತ್ರ ಅವರು ಕೇಳಲಿಲ್ಲ. ಕೇಳಿದ್ದರೆ ದೊಡ್ಡಪ್ಪ ಕೂತು ವಿವರಿಸುತ್ತಿದ್ದರು. ಮನೆಯೊಳಗೆ ಹವ್ಯಕ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಪತ್ರ ಬರೆಯಲು ಪುಸ್ತಕದ ಕನ್ನಡ. ಸಿಟ್ಟು ಬಂದರೆ ನಾಲ್ಕೂ ಒಟ್ಟಿಗೆ. ಕಾಸರಗೋಡಿನವರಿಗೆ ಇದರಲ್ಲಿ ವಿಶೇಷ ಏನೂ ಇಲ್ಲ. ವಿಶೇಷ ಇರುವುದು ರಿಮೋಟಿಗೆ.

ಟೀವಿ ಗೋಡೆಗೆ ಹಾಕಲು ಬಂದ ಹುಡುಗ ಮಲಯಾಳದಲ್ಲಿ ಮಾತಾಡಿದ, ಇಂಗ್ಲಿಷಿನಲ್ಲಿ ಸೆಟ್ಟಿಂಗ್ ಮಾಡಿದ, ಚಾ ಕುಡಿದು ಹೋದ. ಆ ರಾತ್ರಿ ಊಟ ಮುಗಿಸಿ ದೊಡ್ಡಪ್ಪ ರಿಮೋಟನ್ನು ಬಾಯಿಯ ಹತ್ತಿರ ಹಿಡಿದು, ಮೈಕಿನ ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು ಹೇಳಿದರು: "ಆಟ."

ನಮ್ಮಲ್ಲಿ ಆಟ ಅಂದರೆ ಯಕ್ಷಗಾನ. ಬೇರೆ ಅರ್ಥ ಮಕ್ಕಳಿಗೆ. ಟೀವಿ ಒಂದು ಕ್ಷಣ ಯೋಚಿಸಿತು. ಪರದೆಯ ಮೇಲೆ atta ಎಂದು ಬರೆದುಕೊಂಡಿತು. ಆಮೇಲೆ ಮೆತ್ತಗಿನ ಚಪಾತಿ ಮಾಡುವುದು ಹೇಗೆಂದು ತೋರಿಸುವ ಹದಿನೆಂಟು ವಿಡಿಯೋ ತಂದು ಸಾಲಾಗಿ ಇಟ್ಟಿತು.

ದೊಡ್ಡಪ್ಪ ಮತ್ತೊಮ್ಮೆ, ಜೋರಾಗಿ, "ಆಟ!" ಅಂದರು. ಇನ್ನೂ ಮೆತ್ತಗಿನ ಚಪಾತಿ ಬಂತು.

"ಹಿಟ್ಟು ನಾದುವುದು ನೋಡುವುದಾದರೆ ನಾನೇ ಇದ್ದೇನಲ್ಲ, ಟೀವಿ ಎಂತಕ್ಕೆ?" ಎಂದರು ದೊಡ್ಡಮ್ಮ ಒಳಗಿಂದ.

ಹೀಗೆ ಬೆಂಗಳೂರಿನಿಂದ ಅಳಿಯನನ್ನು ಕರೆಸುವ ತೀರ್ಮಾನ ಆಯಿತು. ದೊಡ್ಡಪ್ಪನ ತಂಗಿಯ ಮಗ. ನನಗೆ ಭಾವ ಆಗಬೇಕು. ಕಂಪ್ಯೂಟರ್ ಕೆಲಸ. ನಮ್ಮ ಕಡೆ ಕಂಪ್ಯೂಟರ್ ಕೆಲಸದವನು ಅಂದರೆ ಟೀವಿ, ಮಿಕ್ಸಿ, ಆಧಾರ್ ಕಾರ್ಡು ಎಲ್ಲದರ ಡಾಕ್ಟರು.

ಅಳಿಯ ಬಂದವನು ಟೀವಿ ಮುಟ್ಟಲಿಲ್ಲ. "ಮಾವ, ನೀವು ಹೇಳಿ, ನಾನು ನೋಡುತ್ತೇನೆ" ಎಂದು ಕುರ್ಚಿಯಲ್ಲಿ ಕೂತ. ದೊಡ್ಡಪ್ಪ ಗುಂಡಿ ಒತ್ತಿ ಹೇಳಿದರು. ಚಪಾತಿ ಬಂತು.

"ಮಾವ, ಚಪಾತಿ ಬಿಡಿ. ಮೇಲೆ ಏನು ಬರೆಯಿತು ನೋಡಿದಿರಾ?"

ಅವನ ಇಡೀ ವಿದ್ಯೆ ಈ ಒಂದು ಪ್ರಶ್ನೆಯಲ್ಲಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ನಾವು ಮಾತಾಡಿದಾಗ ಎರಡು ಕೆಲಸ ಆಗುತ್ತದಂತೆ. ಮೊದಲು ನಮ್ಮ ದನಿ ಇಂಟರ್ನೆಟ್ಟಿನಲ್ಲಿ ದೂರದ ಕಂಪ್ಯೂಟರಿಗೆ ಹೋಗಿ ಅಕ್ಷರ ಆಗುತ್ತದೆ. ಆಮೇಲೆ ಆ ಅಕ್ಷರ ಹಿಡಿದು ಹುಡುಕಾಟ. ಅಕ್ಷರವೇ ತಪ್ಪಾಗಿ ಬಂದರೆ ಅದಕ್ಕೆ ಕಿವಿ ಸರಿಯಿಲ್ಲ. ಅಕ್ಷರ ಸರಿ ಇದ್ದು ವಿಡಿಯೋ ತಪ್ಪಿದರೆ ಅದಕ್ಕೆ ಬುದ್ಧಿ ಸಾಲದು. ಅಕ್ಷರವೇ ಬಾರದೆ ಚುಕ್ಕಿಗಳು ಸುತ್ತುತ್ತಾ ಇದ್ದರೆ ನೆಟ್ ಇಲ್ಲ. ಗುಂಡಿ ಒತ್ತಿದರೂ ಚುಕ್ಕಿಯೇ ಬಾರದಿದ್ದರೆ ರಿಮೋಟಿಗೂ ಟೀವಿಗೂ ಬ್ಲೂಟೂತ್ ನಂಟು ತಪ್ಪಿದೆ, ಅಥವಾ ಬ್ಯಾಟರಿ ಮುಗಿದಿದೆ.

"ಇಲ್ಲಿ ಕಿವಿಯದ್ದೇ ತೊಂದರೆ" ಎಂದ ಅಳಿಯ. "ಇದು ಇಂಗ್ಲಿಷ್ ಕಿವಿ ಇಟ್ಟುಕೊಂಡಿದೆ. ನೀವು ಯಾವ ಭಾಷೆ ಮಾತಾಡಿದರೂ ಇಂಗ್ಲಿಷ್ ಎಂದೇ ಕೇಳಿಸಿಕೊಳ್ಳುತ್ತದೆ."

"ಹಾಗಾದರೆ ನಮ್ಮ ಭಾಷೆ ಹೇಳಿಕೊಡು ಅದಕ್ಕೆ."

ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ ಫೋನಿಗೆ 2017ರಲ್ಲೇ ಬಂದಿದೆ. ಇಷ್ಟು ವರ್ಷ ಆದ ಮೇಲೂ ಈ ಟೀವಿಯಲ್ಲಿ ಅದು ಎಲ್ಲಿದೆ ಎಂದು ಹುಡುಕಲು ಕಂಪ್ಯೂಟರ್ ಓದಿದವನಿಗೆ ಅರ್ಧ ಗಂಟೆ ಹಿಡಿಯಿತು. ಪರದೆಯ ಅಕ್ಷರಗಳ ಭಾಷೆ ಒಂದು ಕಡೆ, ಕೇಳುವ ಕಿವಿಯ ಭಾಷೆ ಇನ್ನೊಂದು ಕಡೆ. ಮೊದಲನೆಯದನ್ನು ಕನ್ನಡ ಮಾಡಿ ಎಲ್ಲ ಆಯಿತು ಎಂದುಕೊಂಡರೆ ಮತ್ತೆ ಚಪಾತಿ. ಎರಡನೆಯದು ಮೆನುವಿನ ಕೊನೆಯಲ್ಲಿ, ಯಾರೂ ಹೋಗದ ಮೂಲೆಯಲ್ಲಿ, ಇಂಗ್ಲಿಷಿನಲ್ಲಿ ಕೂತಿತ್ತು. ಕನ್ನಡ ಬೇಕಾದರೆ ಮೊದಲು ಇಂಗ್ಲಿಷ್ ಬರಬೇಕು ಎಂಬುದು ಹಳೆಯ ನಿಯಮ. ಟೀವಿ ಅದನ್ನು ಮುರಿಯಲಿಲ್ಲ, ಅಷ್ಟೇ.

ಕನ್ನಡ ಕಿವಿ ಬಂತು. ದೊಡ್ಡಪ್ಪನಿಗೆ ಧೈರ್ಯವೂ ಬಂತು. ಈ ಸಲ ಒಂದೇ ಶಬ್ದ ಅಲ್ಲ, ಪೂರ್ತಿ ಮನಸ್ಸು ಬಿಚ್ಚಿ ಹೇಳಿದರು: "ಎನಗೆ ಆಟ ನೋಡೆಕ್ಕು."

ಟೀವಿ ಬರೆಯಿತು: "ಏನಾಗಿ ಆಟ ನೋಡಿ ಇಕ್ಕು." ಮಕ್ಕಳ ಕಾರ್ ಓಡಿಸುವ ಆಟಗಳು ಬಂದವು.

"ಅದಕ್ಕೆ ನಮ್ಮ ಭಾಷೆ ಗೊಂತಿಲ್ಲೆ" ಎಂದರು ದೊಡ್ಡಪ್ಪ, ಸಂಕಟದಿಂದ. ಅಳಿಯ ಸಮಾಧಾನ ಮಾಡಿದ. ಅದು ಸುಮ್ನೆ ದನಿ ಕೇಳುವುದಿಲ್ಲ ಮಾವ, ಜನ ಜಾಸ್ತಿ ಹೇಳುವ ಶಬ್ದ ಯಾವುದು ಎಂದು ಊಹೆ ಮಾಡುತ್ತದೆ. ಲಕ್ಷಾಂತರ ಜನ ಹೇಳಿದ "ನೋಡಿ" ಅದಕ್ಕೆ ಗೊತ್ತು. ಕುಂಬಳೆ ಸೀಮೆಯ "ನೋಡೆಕ್ಕು" ಅದಕ್ಕೆ ಎಷ್ಟು ಜನ ಹೇಳಿರುತ್ತಾರೆ?

ಎಂದರೆ ಜನ ಕಡಿಮೆ ಇದ್ದರೆ ಕೇಳಿಸುವುದಿಲ್ಲ. ದೊಡ್ಡಪ್ಪನಿಗೆ ಇದು ತಕ್ಷಣ ಅರ್ಥ ಆಯಿತು. ಗಡಿನಾಡಿನ ಕನ್ನಡಿಗರಿಗೆ ಈ ವಿಷಯ ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ. ದೊಡ್ಡಪ್ಪನ ಬಳಿ ಒಂದು ಕಡತ ಇದೆ. ಅದರಲ್ಲಿ ಒಂದು ಕಚೇರಿಗೆ ಅವರು ಕನ್ನಡದಲ್ಲಿ ಬರೆದ ಅರ್ಜಿಗಳೂ ಅಲ್ಲಿಂದ ಮಲಯಾಳದಲ್ಲಿ ಬಂದ ಉತ್ತರಗಳೂ ಇವೆ. ಆ ಉತ್ತರ ಓದಿಸಲು ಅವರು ಪೇಟೆಯ ಅಂಗಡಿಯವನ ಹತ್ತಿರ ಹೋಗುತ್ತಾರೆ. ಅವತ್ತು ಕಡತ ತೆಗೆದು ಅಳಿಯನಿಗೆ ತೋರಿಸಿ ಕೇಳಿದರು: "ಈ ಕಚೇರಿಯ ಕಿವಿಯ ಸೆಟ್ಟಿಂಗ್ ಯಾವ ಮೂಲೆಯಲ್ಲಿದೆ?"

ಅಳಿಯನಿಗೆ ಆ ಮೆನು ಸಿಗಲಿಲ್ಲ.

ಮುಂದಿನ ಮೂರು ದಿನ ಪಾಠ. ಗುಂಡಿ ಒತ್ತಿದ ಮೇಲೆ ಒಂದು ಉಸಿರು ಬಿಟ್ಟು ಮಾತಾಡಬೇಕು, ಇಲ್ಲದಿದ್ದರೆ ಮೊದಲ ಅಕ್ಷರ ಹಾರಿಹೋಗುತ್ತದೆ. ರಿಮೋಟನ್ನು ಬಾಯಿಗೆ ಒತ್ತಬಾರದು, ಒಂದು ಗೇಣು ದೂರ ಸಾಕು. ಕುಕ್ಕರ್ ಕೂಗುವಾಗ, ಅಂಗಳದ ತಗಡಿನ ಮಾಡಿಗೆ ಮಳೆ ಬೀಳುವಾಗ ಮಾತಾಡಿ ಪ್ರಯೋಜನ ಇಲ್ಲ. ಬೇಕು, ನೋಡಬೇಕು, ಹಾಕು ಮಾರಾಯ, ಇವೆಲ್ಲ ಬೇಡ. ಹೆಸರು ಮಾತ್ರ ಹೇಳಬೇಕು. ದೊಡ್ಡದು ಮೊದಲು, ಸಣ್ಣದು ಆಮೇಲೆ: ಯಕ್ಷಗಾನ, ತಾಳಮದ್ದಳೆ, ತೆಂಕುತಿಟ್ಟು. ಕೊನೆಗೆ "ಪೂರ್ತಿ" ಎಂದರೆ ಎರಡು ನಿಮಿಷದ ತುಣುಕುಗಳು ಕಡಿಮೆಯಾಗಿ ಇಡೀ ರಾತ್ರಿಯದ್ದು ಮೇಲೆ ಬರುವ ಸಂಭವ ಇದೆ.

ಮಳೆ ಬಂದಾಗ ಚುಕ್ಕಿ ಸುತ್ತುವುದಕ್ಕೂ ಅವನು ಮದ್ದು ಮಾಡಿದ. ವೈಫೈ ಪೆಟ್ಟಿಗೆ ಮಾಳಿಗೆಯಲ್ಲಿತ್ತು, ಟೀವಿ ಕೆಳಗೆ ಚಾವಡಿಯಲ್ಲಿ. ನಡುವೆ ಒಂದೂವರೆ ಅಡಿಯ ಕೆಂಪುಕಲ್ಲಿನ ಗೋಡೆ. ಟೀವಿ 5 ಗಿಗಾಹರ್ಟ್ಸ್ ಸಾಲಿಗೆ ಹಿಡಿದುಕೊಂಡಿತ್ತು. ಅದು ವೇಗದ್ದು, ಆದರೆ ಗೋಡೆ ದಾಟಲು ಸೋಮಾರಿ. 2.4ಕ್ಕೆ ಬದಲಿಸಿದ ಮೇಲೆ ಸರಿಯಾಯಿತು. ಆದರೆ ಮಳೆಗೆ ರಸ್ತೆ ಬದಿಯ ತಂತಿಯ ಮೇಲೆ ಮರ ಬಿದ್ದರೆ ಅಳಿಯನ ಕೈಯಲ್ಲಿಲ್ಲ. ಅದು ಮರದ ಸೆಟ್ಟಿಂಗ್.

ಒಂದಕ್ಕೆ ಮಾತ್ರ ಮದ್ದು ಸಿಗಲಿಲ್ಲ. ಟೀವಿ ಹಾಕಿದ ಕೂಡಲೇ ಮೊದಲ ಪರದೆಯಲ್ಲಿ ಮಲಯಾಳ ಧಾರಾವಾಹಿ, ಮಲಯಾಳ ಸಿನಿಮಾ, ಮಲಯಾಳದ ಮೀನು ಸಾರು. ಶುದ್ಧ ಸಸ್ಯಾಹಾರಿ ಚಾವಡಿಯಲ್ಲಿ! ನೆಟ್ ಎಲ್ಲಿಂದ ಬರುತ್ತಿದೆ ಎಂದು ನೋಡಿ, ಆ ಊರಿನವರು ಜಾಸ್ತಿ ನೋಡುವುದನ್ನು ತಂದಿಡುತ್ತದಂತೆ. ಅದರ ಲೆಕ್ಕದಲ್ಲಿ 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಗೆ ವಿಷಯ ಮುಗಿದಿದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲಿ ಬರೆದದ್ದನ್ನು ಟೀವಿ ಓದಿಲ್ಲ. ಅದನ್ನು ದೂರುವ ಹಾಗೂ ಇಲ್ಲ. ಓದಬೇಕಾದವರೂ ಓದಿದ ಹಾಗೆ ಕಾಣುವುದಿಲ್ಲ.

"ದಿನಾ ಕನ್ನಡದ್ದೇ ನೋಡುತ್ತಾ ಇರಿ, ನಿಧಾನಕ್ಕೆ ಬದಲಾಗುತ್ತದೆ" ಎಂದ ಅಳಿಯ.

"ಎಪ್ಪತ್ತು ವರ್ಷದಿಂದ ನೋಡುತ್ತಾ ಇದ್ದೇನೆ" ಎಂದರು ದೊಡ್ಡಪ್ಪ.

ತೋಟದ ಕೆಲಸಕ್ಕೆ ಬರುವ ಅಕ್ಕ ಚಾ ಕುಡಿಯುವ ಹೊತ್ತಿಗೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. "ಉಂದು ಎಂಚಿನ ಪನ್ಪುಂಡು?" ಎಂದು ಕೇಳಿದರು. ಅಳಿಯ ಉತ್ಸಾಹದಿಂದ ರಿಮೋಟ್ ಅವರ ಕೈಗೇ ಕೊಟ್ಟ. ಅವರು ತುಳುವಿನಲ್ಲಿ ಪಾಡ್ದನ ಕೇಳಿದರು. ಅಳಿಯ ಭಾಷೆಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಉರುಳಿಸಿದ. ನಾವು ಹೆಸರೇ ಕೇಳದ ದೇಶಗಳ ಭಾಷೆ ಇದ್ದವು. ತುಳು ಇರಲಿಲ್ಲ. ಅಕ್ಕ ರಿಮೋಟನ್ನು ಸ್ಟೂಲಿನ ಮೇಲೆ ಇಟ್ಟರು. ಅಡಿಕೆ ಹೆಕ್ಕುತ್ತಾ ತಾವೇ ಪಾಡ್ದನ ಹಾಡಿದರು. ಅದಕ್ಕೆ ನೆಟ್ ಬೇಕಾಗಲಿಲ್ಲ, ಜಾಹೀರಾತೂ ಬರಲಿಲ್ಲ.

ಅಳಿಯ ಬೆಂಗಳೂರಿಗೆ ಹೋಗಿ ಒಂದೂವರೆ ತಿಂಗಳಾಯಿತು. ಟೀವಿ ಈಗ ಚೆನ್ನಾಗಿ ಕೇಳುತ್ತದೆ. ಅಂದರೆ, ಅದು ಏನೂ ಬದಲಾಗಿಲ್ಲ. ಬದಲಾದದ್ದು ನಮ್ಮವರು. ಚಾವಡಿಯಲ್ಲಿ ಹವ್ಯಕ ನಿಂತುಹೋಗಿದೆ. ದೊಡ್ಡಪ್ಪ ಟೀವಿಯ ಮುಂದೆ ವಾರ್ತೆ ಓದುವವರ ಹಾಗೆ ಬಾಯಿ ಅಗಲಿಸಿ, ಒಂದೊಂದೇ ಶಬ್ದ ಬಿಡಿಸಿ ಮಾತಾಡುತ್ತಾರೆ. ಹಾಗೆ ಹೇಳಿ ಹೇಳಿ ಅಭ್ಯಾಸ ಆಗಿ, ಊಟಕ್ಕೆ ಕೂತಾಗಲೂ "ಸಾಂಬಾರು. ಸ್ವಲ್ಪ. ಬಿಸಿ" ಎನ್ನುತ್ತಾರೆ. ದೊಡ್ಡಮ್ಮ ಮೊದಮೊದಲು ಬೈಯುತ್ತಿದ್ದರು. ಈಗ ಅವರೂ ಕಲಿತಿದ್ದಾರೆ.

ಮೊನ್ನೆ ನಾನು ಅಲ್ಲಿದ್ದಾಗ ದೊಡ್ಡಮ್ಮ ಅಳಿಯನಿಗೆ ಫೋನ್ ಮಾಡಿದರು. ಅವನು ಎತ್ತಿ "ಅತ್ತೆ, ಹೇಳಿ" ಅಂದ. ಅವರು ಫೋನನ್ನು ಬಾಯಿಯಿಂದ ಒಂದು ಗೇಣು ದೂರ ಹಿಡಿದರು. ಒಂದು ಉಸಿರು ಬಿಟ್ಟರು.

"ಅಳಿಯ. ಬೆಂಗಳೂರು. ಊಟ. ಇಂದು. ಪೂರ್ತಿ."

ಆಮೇಲೆ ಕನ್ನಡಕ ಹಾಕಿಕೊಂಡು ಫೋನಿನ ಪರದೆ ನೋಡಿದರು, ಅಕ್ಷರ ಸರಿಯಾಗಿ ಬಂತೋ ಎಂದು.